‘ಎನ್‌ಪಿಎಸ್ ಕಟ್ಟಿದರೆ 60ಕ್ಕೆ ಶೇ 40 ದುಡ್ಡು ಸರ್ಕಾರಕ್ಕೆ ಹೋಗುತ್ತದೆ’: ಈ ಫಾರ್ವರ್ಡ್ ಎಷ್ಟು ನಿಜ?

ವಾಟ್ಸಾಪ್ ಗುಂಪುಗಳಲ್ಲಿ ಪಿಂಚಣಿಯ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು ಹೆದರಿಸುವಂಥದ್ದು: ‘ಮೂವತ್ತು ವರ್ಷ ಕಷ್ಟಪಟ್ಟು ಎನ್‌ಪಿಎಸ್‌ಗೆ ಕಟ್ಟುತ್ತೀರಿ, 60 ಆದಾಗ ಅರ್ಧ ದುಡ್ಡನ್ನಷ್ಟೇ ಕೊಡುತ್ತಾರೆ, ಉಳಿದದ್ದನ್ನು ಸರ್ಕಾರ ಇಟ್ಟುಕೊಳ್ಳುತ್ತದೆ.’ ಇನ್ನೊಂದು ಆಸೆ ಹುಟ್ಟಿಸುವಂಥದ್ದು: ‘ತಿಂಗಳಿಗೆ ಬರೀ 2,000 ರೂಪಾಯಿ ಕಟ್ಟಿ, 60ಕ್ಕೆ 36 ಲಕ್ಷ ಪಡೆಯಿರಿ, ಜೊತೆಗೆ ಸಾಯುವ ತನಕ ಪಿಂಚಣಿ.’ ಎರಡನ್ನೂ ಒಂದೇ ಗುಂಪಿನಲ್ಲಿ, ಕೆಲವೊಮ್ಮೆ ಒಂದೇ ದಿನ ನೋಡಿರುತ್ತೇವೆ.

ಚುಟುಕಾಗಿ ಹೇಳುವುದಾದರೆ, ಮೊದಲನೆಯದು ತಪ್ಪು. ಎರಡನೆಯದರ ಲೆಕ್ಕ ಸರಿಯಿರಬಹುದು, ಆದರೆ ಅದು ಹೇಳದೆ ಬಿಟ್ಟ ಮಾತೇ ಹೆಚ್ಚು ಮುಖ್ಯ. 60ಕ್ಕೆ ನಿಮ್ಮ ಹಣ ಎರಡು ಪಾಲಾಗುವುದು ನಿಜ. ಒಂದು ಪಾಲು ಒಟ್ಟಿಗೆ ಕೈಗೆ ಬರುತ್ತದೆ. ಇನ್ನೊಂದು ಪಾಲಿನಿಂದ ಜೀವನಪೂರ್ತಿ ಬರುವ ತಿಂಗಳ ಪಿಂಚಣಿಯನ್ನು ಕೊಳ್ಳಬೇಕು. ಆ ಎರಡನೇ ಪಾಲನ್ನು ಯಾರೂ ನುಂಗುವುದಿಲ್ಲ. ಆದರೆ ಅದನ್ನು ಯಾವ ಷರತ್ತಿನ ಮೇಲೆ ಕೊಳ್ಳುತ್ತೀರಿ ಎಂಬುದು ನಿಮ್ಮ ಮನೆಯವರಿಗೆ ಏನು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಇದನ್ನು ಒಂದು ಲೆಕ್ಕದ ಮೂಲಕ ನಿಧಾನವಾಗಿ ನೋಡೋಣ.

ಪಿಎಫ್ ಬೇರೆ, ಎನ್‌ಪಿಎಸ್ ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ‘ನಮ್ಮ ದುಡ್ಡು ನಮಗೇ ಕೊಡುವುದಿಲ್ಲವಂತೆ’ ಎಂಬ ಮಾತಿಗೆ ಬೆಂಗಳೂರಿನಲ್ಲಿ ಒಂದು ಹಿನ್ನೆಲೆ ಇದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮವೊಂದನ್ನು ಬದಲಾಯಿಸಿತು. ಕೆಲಸ ಬಿಟ್ಟವರು ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ಹಿಂಪಡೆಯುವಂತಿಲ್ಲ ಎಂಬುದು ಅದರ ಸಾರ. ಅದೇ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಅದರಲ್ಲೂ ಹೆಂಗಸರು, ರಸ್ತೆಗಿಳಿದರು. ಹೊಸೂರು ರಸ್ತೆಯ ಕಡೆಯೂ ತುಮಕೂರು ರಸ್ತೆಯ ಕಡೆಯೂ ಸಂಚಾರ ನಿಂತಿತು. ಏಪ್ರಿಲ್ 19ರಂದು ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು.

ಹೆಗ್ಗನಹಳ್ಳಿ, ಸುಂಕದಕಟ್ಟೆ, ರಾಜಗೋಪಾಲನಗರದ ಮನೆಗಳಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಪೀಣ್ಯದ ಕಾರ್ಖಾನೆಗಳಿಗೆ ಮತ್ತು ಗಾರ್ಮೆಂಟ್ಸ್‌ಗೆ ಹೋಗುವವರು ಈ ಬೀದಿಗಳಲ್ಲೇ ಇದ್ದಾರೆ. ಹಾಗಾಗಿ ಪಿಂಚಣಿ ಎಂದ ಕೂಡಲೇ ಅನುಮಾನ ಬರುವುದು ಸಹಜ. ಆದರೆ ಆ ಗಲಾಟೆ ಪಿಎಫ್‌ಗೆ ಸಂಬಂಧಿಸಿದ್ದು. ಪಿಎಫ್‌ಗೆ ನಿಮ್ಮ ಸಂಬಳದಿಂದ ಮತ್ತು ಮಾಲೀಕರಿಂದ ಹಣ ಹೋಗುತ್ತದೆ, ಅದಕ್ಕೆ ಸರ್ಕಾರ ಪ್ರತಿವರ್ಷ ಬಡ್ಡಿ ಘೋಷಿಸುತ್ತದೆ.

ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಬೇರೆಯದೇ ಖಾತೆ. ಇದು 2004ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಹೊಸ ನೌಕರರಿಗೆ ಶುರುವಾಯಿತು. 2006ರ ಏಪ್ರಿಲ್ 1ರಿಂದ ಸೇರಿದ ಕರ್ನಾಟಕ ಸರ್ಕಾರಿ ನೌಕರರೂ ಇದರೊಳಗೆ ಬಂದರು. 2009ರ ಮೇ ತಿಂಗಳಿಂದ ಯಾರು ಬೇಕಾದರೂ ಸೇರಬಹುದು. 20ಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಸಣ್ಣ ವರ್ಕ್‌ಶಾಪ್‌ಗೆ ಪಿಎಫ್ ಸಾಮಾನ್ಯವಾಗಿ ಕಡ್ಡಾಯವಲ್ಲ. ಅಂಥ ಕಡೆ ದುಡಿಯುವವರು, ಸ್ವಂತ ಅಂಗಡಿ ಇಟ್ಟವರು, ಆಟೋ ಓಡಿಸುವವರು ತಾವೇ ಹೋಗಿ ಸೇರಬಹುದಾದ ಪಿಂಚಣಿ ಖಾತೆ ಇದು.

ಇನ್ನೊಂದು ಗೊಂದಲವೂ ಇದೆ. ‘210 ರೂಪಾಯಿ ಕಟ್ಟಿ, 5,000 ಪಿಂಚಣಿ ಪಡೆಯಿರಿ’ ಎಂಬ ಸಂದೇಶ ಎನ್‌ಪಿಎಸ್ ಬಗ್ಗೆ ಹೇಳುವುದಲ್ಲ, ಅದು ಅಟಲ್ ಪಿಂಚಣಿ ಯೋಜನೆ. ಅಲ್ಲಿ ಪಿಂಚಣಿಗೆ ಖಾತರಿ ಇದೆ. ಆದರೆ 210 ರೂಪಾಯಿಯ ಕಂತು 18ನೇ ವಯಸ್ಸಿನಲ್ಲೇ ಸೇರಿ 42 ವರ್ಷ ಕಟ್ಟುವವರಿಗೆ ಮಾತ್ರ. 30ಕ್ಕೆ ಸೇರಿದರೆ ಅದೇ 5,000ಕ್ಕೆ ತಿಂಗಳಿಗೆ 577, 40ಕ್ಕೆ ಸೇರಿದರೆ 1,454 ರೂಪಾಯಿ ಕಟ್ಟಬೇಕು. ಎನ್‌ಪಿಎಸ್‌ನಲ್ಲಿ ಇಷ್ಟೇ ಪಿಂಚಣಿ ಎಂಬ ಖಾತರಿ ಇಲ್ಲ. ಈ ಎರಡನ್ನು ಬೆರೆಸಿದ ಸಂದೇಶ ಬಂದರೆ ಅಲ್ಲಿಗೇ ನಿಲ್ಲಿಸಿ.

ತಿಂಗಳ ಕಂತು 60ರ ಹೊತ್ತಿಗೆ ಎಷ್ಟಾಗುತ್ತದೆ?

ಹೆಗ್ಗನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಲೇತ್ ನಡೆಸುವ 30 ವರ್ಷದ ಒಬ್ಬರನ್ನು ಊಹಿಸಿಕೊಳ್ಳೋಣ. ಅವರು ತಿಂಗಳಿಗೆ 2,000 ರೂಪಾಯಿ ಎನ್‌ಪಿಎಸ್‌ಗೆ ಕಟ್ಟುತ್ತಾರೆ, 60ರ ತನಕ ಒಂದು ತಿಂಗಳೂ ತಪ್ಪಿಸುವುದಿಲ್ಲ ಎಂದುಕೊಳ್ಳಿ. ಮೂವತ್ತು ವರ್ಷದಲ್ಲಿ ಅವರ ಜೇಬಿನಿಂದ ಹೋಗುವುದು 7 ಲಕ್ಷದ 20 ಸಾವಿರ.

ಈ ಹಣವನ್ನು ಪಿಂಚಣಿ ನಿಧಿ ನಿರ್ವಾಹಕ ಕಂಪನಿಯೊಂದು ಷೇರು, ಸರ್ಕಾರಿ ಬಾಂಡ್ ಮತ್ತು ಕಂಪನಿಗಳ ಸಾಲಪತ್ರಗಳಲ್ಲಿ ತೊಡಗಿಸುತ್ತದೆ. ಯಾವುದರಲ್ಲಿ ಎಷ್ಟು ಎಂಬುದನ್ನು ನೀವು ಆರಿಸಬಹುದು. ಹಾಗಾಗಿ ಬೆಳವಣಿಗೆ ಮಾರುಕಟ್ಟೆಯ ಮೇಲೆ ನಿಂತಿದೆ. ವರ್ಷಕ್ಕೆ ಸರಾಸರಿ ಶೇ 9ರಂತೆ ಬೆಳೆದರೆ 60ಕ್ಕೆ ಸುಮಾರು 36 ಲಕ್ಷದ 60 ಸಾವಿರ ಆಗುತ್ತದೆ. ಶೇ 7ರಂತೆ ಬೆಳೆದರೆ ಸುಮಾರು 24 ಲಕ್ಷದ 40 ಸಾವಿರ ಮಾತ್ರ. ಶೇಕಡಾ ಎರಡರ ವ್ಯತ್ಯಾಸಕ್ಕೆ 12 ಲಕ್ಷ ಹೆಚ್ಚುಕಡಿಮೆ! ಆಸೆ ಹುಟ್ಟಿಸುವ ಫಾರ್ವರ್ಡ್‌ನಲ್ಲಿ 36 ಲಕ್ಷ ಎಂದು ಇದ್ದರೆ ಅದು ಸುಳ್ಳಲ್ಲ, ಆದರೆ ಭರವಸೆಯೂ ಅಲ್ಲ. ಅದು ‘ಹೀಗೆ ಬೆಳೆದರೆ’ ಎಂಬ ಲೆಕ್ಕ.

ತಡವಾಗಿ ಶುರುಮಾಡಿದರೆ? ಅದೇ 2,000 ರೂಪಾಯಿಯನ್ನು, ಅದೇ ಶೇ 9ರ ಲೆಕ್ಕದಲ್ಲಿ, 40ನೇ ವಯಸ್ಸಿನಿಂದ ಕಟ್ಟಿದರೆ 60ಕ್ಕೆ ಸುಮಾರು 13 ಲಕ್ಷದ 36 ಸಾವಿರ. 48ರಿಂದ ಕಟ್ಟಿದರೆ ಸುಮಾರು 5 ಲಕ್ಷದ 15 ಸಾವಿರ. ಈ ಮೂರು ಮೊತ್ತಗಳನ್ನು ನೆನಪಿಟ್ಟುಕೊಳ್ಳಿ. ಏಕೆಂದರೆ 60ಕ್ಕೆ ಹಣ ಹೇಗೆ ಪಾಲಾಗುತ್ತದೆ ಎಂಬುದು ಖಾತೆಯಲ್ಲಿ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

60ಕ್ಕೆ ಪಾಲಾಗುವುದು ಹೇಗೆ?

ಶೇ 40 ಎಂಬ ಅಂಕಿ ಎಲ್ಲಿಂದ ಬಂತು? ಎನ್‌ಪಿಎಸ್‌ನ ಹಳೆಯ ನಿಯಮದಲ್ಲಿ 60 ಆದವರು ಕನಿಷ್ಠ ಶೇ 40 ಭಾಗದಿಂದ ಪಿಂಚಣಿ ಕೊಳ್ಳಬೇಕಿತ್ತು, ಗರಿಷ್ಠ ಶೇ 60 ಭಾಗವನ್ನು ಒಟ್ಟಿಗೆ ತೆಗೆದುಕೊಳ್ಳಬಹುದಿತ್ತು. ಒಟ್ಟು 5 ಲಕ್ಷದೊಳಗಿದ್ದರೆ ಪೂರ್ತಿ ಕೈಗೆ ಸಿಗುತ್ತಿತ್ತು. ಹರಿದಾಡುವ ಹೆಚ್ಚಿನ ಸಂದೇಶಗಳು ಈ ನಿಯಮವನ್ನೇ ಇಟ್ಟುಕೊಂಡಿವೆ.

2025ರ ಡಿಸೆಂಬರ್‌ನಲ್ಲಿ ಪಿಂಚಣಿ ನಿಧಿಯ ನಿಯಂತ್ರಣ ಪ್ರಾಧಿಕಾರ, ಅಂದರೆ ಪಿಎಫ್‌ಆರ್‌ಡಿಎ, ಸರ್ಕಾರಿ ನೌಕರರಲ್ಲದವರಿಗೆ ಈ ನಿಯಮವನ್ನು ಸಡಿಲಿಸಿತು. ಈಗಿನ ಲೆಕ್ಕ ಮೂರು ಹಂತದಲ್ಲಿದೆ.

ಖಾತೆಯಲ್ಲಿ 8 ಲಕ್ಷದವರೆಗೆ ಇದ್ದರೆ ಬೇಕೆಂದರೆ ಪೂರ್ತಿ ಹಣ ಕೈಗೆ ಪಡೆಯಬಹುದು. ನಮ್ಮ ಲೆಕ್ಕದಲ್ಲಿ 48ಕ್ಕೆ ಶುರುಮಾಡಿದವರು ಇಲ್ಲಿ ಬರುತ್ತಾರೆ. ಅವರ 5 ಲಕ್ಷದ 15 ಸಾವಿರದಿಂದ ಪಿಂಚಣಿ ಕೊಳ್ಳಲೇಬೇಕೆಂಬ ಕಡ್ಡಾಯ ಇಲ್ಲ.

8 ಲಕ್ಷ ದಾಟಿ 12 ಲಕ್ಷದೊಳಗಿದ್ದರೆ 6 ಲಕ್ಷದವರೆಗೆ ಒಟ್ಟಿಗೆ ತೆಗೆದುಕೊಂಡು, ಉಳಿದದ್ದನ್ನು ಕನಿಷ್ಠ 6 ವರ್ಷಗಳಿಗೆ ಹರಡಿ ಕಂತುಗಳಲ್ಲಿ ಪಡೆಯುವ ದಾರಿ ಇದೆ. ಬೇಡವೆಂದರೆ ಉಳಿದದ್ದರಿಂದ ಪಿಂಚಣಿ ಕೊಳ್ಳಬಹುದು.

12 ಲಕ್ಷ ದಾಟಿದರೆ ಕನಿಷ್ಠ ಶೇ 20 ಭಾಗದಿಂದ ಪಿಂಚಣಿ ಕೊಳ್ಳಬೇಕು, ಗರಿಷ್ಠ ಶೇ 80 ಭಾಗವನ್ನು ಒಟ್ಟಿಗೆ ಪಡೆಯಬಹುದು. 30ಕ್ಕೆ ಮತ್ತು 40ಕ್ಕೆ ಶುರುಮಾಡಿದ ಇಬ್ಬರೂ ಇಲ್ಲಿ ಬರುತ್ತಾರೆ.

ಸರ್ಕಾರಿ ನೌಕರರಿಗೆ ಮಾತ್ರ ಹಳೆಯ 60–40ರ ಲೆಕ್ಕವೇ ಮುಂದುವರಿದಿದೆ. ನಿಮ್ಮ ಗುಂಪಿನಲ್ಲಿ ಒಬ್ಬರು ಶೇ 40 ಎನ್ನುತ್ತಾ, ಇನ್ನೊಬ್ಬರು ಶೇ 20 ಎನ್ನುತ್ತಾ ಜಗಳವಾಡುತ್ತಿದ್ದರೆ ಇಬ್ಬರದೂ ಸರಿಯಿರಬಹುದು. ಒಬ್ಬರು ಶಾಲೆಯ ಮೇಷ್ಟ್ರು, ಇನ್ನೊಬ್ಬರು ವರ್ಕ್‌ಶಾಪ್‌ನವರು ಆಗಿದ್ದರೆ ಸಾಕು.

ಇಲ್ಲಿ ‘ಕನಿಷ್ಠ’ ಎಂಬ ಪದ ಗಮನಿಸಿ. ಶೇ 20 ಎಂಬುದು ಕೆಳಗಿನ ಮಿತಿ. ನಿಮಗೆ ಇಷ್ಟವಿದ್ದರೆ ಅರ್ಧ ಭಾಗದಿಂದಲೋ ಪೂರ್ತಿ ಹಣದಿಂದಲೋ ಪಿಂಚಣಿ ಕೊಳ್ಳಬಹುದು. 60ಕ್ಕೇ ಹೊರಬರಬೇಕೆಂಬ ಕಡ್ಡಾಯವೂ ಇಲ್ಲ, 85ರ ತನಕ ಹಣವನ್ನು ಖಾತೆಯಲ್ಲೇ ಬಿಡಬಹುದು.

ಆ ಎರಡನೇ ಪಾಲು ಎಲ್ಲಿ ಹೋಗುತ್ತದೆ?

ಪಿಂಚಣಿ ಕೊಳ್ಳುವುದು ಎಂದರೆ ಆನ್ಯುಟಿ ಕೊಳ್ಳುವುದು. ಹೆಸರು ಹೊಸದಾದರೂ ವಿಷಯ ಸರಳ. ನೀವು ಒಂದು ಜೀವವಿಮಾ ಕಂಪನಿಗೆ ಒಂದೇ ಸಲ ಮೊತ್ತ ಕೊಡುತ್ತೀರಿ. ನೀವು ಬದುಕಿರುವ ತನಕ, ಅದು 65 ಆಗಲಿ 95 ಆಗಲಿ, ಪ್ರತಿ ತಿಂಗಳು ಇಂತಿಷ್ಟು ಕೊಡುತ್ತೇವೆಂದು ಅದು ಒಪ್ಪುತ್ತದೆ. ಹಣ ಸರ್ಕಾರದ ಖಜಾನೆಗೆ ಹೋಗುವುದಿಲ್ಲ. ಎಲ್‌ಐಸಿ, ಎಸ್‌ಬಿಐ ಲೈಫ್, ಎಚ್‌ಡಿಎಫ್‌ಸಿ ಲೈಫ್‌ನಂಥ, ಪ್ರಾಧಿಕಾರ ಪಟ್ಟಿ ಮಾಡಿದ ಕಂಪನಿಗಳಲ್ಲಿ ನಿಮಗೆ ಬೇಕಾದ್ದನ್ನು ಆರಿಸುತ್ತೀರಿ.

ನಮ್ಮ ಲೇತ್ ಕೆಲಸಗಾರರ 36 ಲಕ್ಷದ 60 ಸಾವಿರದಲ್ಲಿ ಶೇ 20 ಎಂದರೆ 7 ಲಕ್ಷದ 32 ಸಾವಿರ. ಅವರು ಕೊಳ್ಳುವ ದಿನ ಕಂಪನಿ ವರ್ಷಕ್ಕೆ ಶೇ 6ರ ದರ ಕೊಡುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 43,920, ತಿಂಗಳಿಗೆ 3,660 ರೂಪಾಯಿ ಪಿಂಚಣಿ. ಉಳಿದ 29 ಲಕ್ಷದ 28 ಸಾವಿರ ಕೈಗೆ. ಅವರು ಸ್ವಇಚ್ಛೆಯಿಂದ ಶೇ 40 ಹಾಕಿದರೆ ಪಿಂಚಣಿ ದುಪ್ಪಟ್ಟಾಗಿ 7,320 ರೂಪಾಯಿ ಆಗುತ್ತದೆ, ಕೈಗೆ ಬರುವುದು 21 ಲಕ್ಷದ 96 ಸಾವಿರಕ್ಕೆ ಇಳಿಯುತ್ತದೆ.

ಮನೆಯವರಿಗೆ ಏನು ಉಳಿಯುತ್ತದೆ ಎಂಬುದು ತೀರ್ಮಾನವಾಗುವುದು ಇಲ್ಲಿಯೇ. ಆನ್ಯುಟಿಯಲ್ಲಿ ಹಲವು ಬಗೆಗಳಿವೆ, ಅವುಗಳಲ್ಲಿ ಮೂರನ್ನು ತಿಳಿದುಕೊಂಡರೆ ಸಾಕು.

ಮೊದಲನೆಯದರಲ್ಲಿ ನೀವು ಬದುಕಿರುವ ತನಕ ಪಿಂಚಣಿ ಬರುತ್ತದೆ, ನೀವು ತೀರಿಕೊಂಡ ದಿನ ಎಲ್ಲವೂ ಮುಗಿಯುತ್ತದೆ. ಕೊಟ್ಟ ಮೂಲ ಹಣ ಮನೆಯವರಿಗೆ ಹಿಂದಿರುಗುವುದಿಲ್ಲ. ಇದರಲ್ಲಿ ತಿಂಗಳ ಪಿಂಚಣಿ ಹೆಚ್ಚಿರುತ್ತದೆ. ದರ ಶೇ 7.5 ಎಂದುಕೊಂಡರೆ ಅದೇ 7 ಲಕ್ಷದ 32 ಸಾವಿರಕ್ಕೆ 4,575 ರೂಪಾಯಿ.

ಎರಡನೆಯದರಲ್ಲಿ ನಿಮ್ಮ ನಂತರ ನೀವು ಕೊಟ್ಟ ಮೂಲ ಹಣ ನಾಮಿನಿಗೆ ವಾಪಸ್ ಬರುತ್ತದೆ. ಅದಕ್ಕಾಗಿ ತಿಂಗಳ ಪಿಂಚಣಿ ಕಡಿಮೆ. ನಾವು ಮೇಲೆ ಹಾಕಿದ ಶೇ 6ರ ಲೆಕ್ಕ ಈ ಬಗೆಯದು.

ಮೂರನೆಯದರಲ್ಲಿ ನಿಮ್ಮ ನಂತರ ಗಂಡ ಅಥವಾ ಹೆಂಡತಿಗೆ ಅವರು ಬದುಕಿರುವ ತನಕ ಪಿಂಚಣಿ ಮುಂದುವರಿಯುತ್ತದೆ. ಇಬ್ಬರ ನಂತರ ಮೂಲ ಹಣ ಮಕ್ಕಳಿಗೆ ಬರುವಂತೆಯೂ ಆರಿಸಬಹುದು.

‘ಅವರು ಹೋದ ಮೇಲೆ ಕಂಪನಿಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ’ ಎಂಬ ದೂರು ಕೇಳಿಬಂದರೆ ಮೊದಲು ನೋಡಬೇಕಾದ್ದು ಅವರು ಯಾವ ಬಗೆಯನ್ನು ಆರಿಸಿದ್ದರು ಎಂಬುದನ್ನು. ಫಾರಂ ತುಂಬುವಾಗ ಪಿಂಚಣಿ ಯಾವುದರಲ್ಲಿ ಹೆಚ್ಚೋ ಅದಕ್ಕೇ ಗುರುತು ಹಾಕಿದ್ದರೆ ಮೊದಲ ಬಗೆಯೇ ಆಗಿರುವ ಸಾಧ್ಯತೆ ಹೆಚ್ಚು. ಒಬ್ಬಂಟಿಯಾಗಿರುವ, ಯಾರಿಗೂ ಉಳಿಸಬೇಕಾಗಿಲ್ಲದ ವ್ಯಕ್ತಿಗೆ ಅದು ಒಳ್ಳೆಯ ಆಯ್ಕೆಯೇ ಇರಬಹುದು. ಸ್ವಂತ ಆದಾಯವಿಲ್ಲದ ಹೆಂಡತಿ ಮನೆಯಲ್ಲಿದ್ದರೆ ಅದು ದೊಡ್ಡ ಪೆಟ್ಟು. ಪಾಲಿಸಿ ಕೈಗೆ ಬಂದ ಮೇಲೆ ಪರಿಶೀಲನೆಗೆಂದು ಕೊಡುವ ಕೆಲವು ದಿನ ಕಳೆದರೆ ಈ ಆಯ್ಕೆಯನ್ನು ಬದಲಿಸಲು ಬರುವುದಿಲ್ಲ. ಅದಕ್ಕೇ ಸಹಿ ಹಾಕುವ ಮುಂಚೆ ‘ನಾನು ನಾಳೆ ತೀರಿಕೊಂಡರೆ ಮನೆಯವರಿಗೆ ಏನು ಬರುತ್ತದೆ?’ ಎಂದು ಕೇಳಿ, ಉತ್ತರ ಪಾಲಿಸಿಯಲ್ಲಿ ಎಲ್ಲಿ ಬರೆದಿದೆ ಎಂದು ತೋರಿಸಲು ಹೇಳಿ.

ಎಲ್ಲವನ್ನೂ ಒಟ್ಟಿಗೆ ಪಡೆದುಬಿಟ್ಟರೆ ಒಳ್ಳೆಯದಲ್ಲವೇ?

ಶೇ 6ರ ದರ ನೋಡಿದವರು ಕೇಳುವ ಪ್ರಶ್ನೆ ಇದು. ‘ಇದಕ್ಕಿಂತ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಹೆಚ್ಚು ಬರುತ್ತದಲ್ಲ?’ ಬರಬಹುದು. ಆದರೆ ಎರಡೂ ಒಂದೇ ಕೆಲಸ ಮಾಡುವುದಿಲ್ಲ. ಎಫ್‌ಡಿಯ ದರ ಅವಧಿ ಮುಗಿದಾಗಲೆಲ್ಲ ಬದಲಾಗುತ್ತದೆ. ಅಸಲಿಗೆ ಕೈಹಾಕಿದರೆ ಅದು ಒಂದು ದಿನ ಖಾಲಿಯಾಗುತ್ತದೆ. ಆನ್ಯುಟಿ ದರ ಕೊಂಡ ದಿನವೇ ಜೀವನಪೂರ್ತಿಗೆ ನಿಂತುಬಿಡುತ್ತದೆ, ಖಾಲಿಯಾಗುವುದಿಲ್ಲ.

ನಮ್ಮ ಲೇತ್ ಕೆಲಸಗಾರರು ಕೈಗೆ ಬಂದ 29 ಲಕ್ಷದ 28 ಸಾವಿರವನ್ನು ಶೇ 7ರ ಬಡ್ಡಿ ಬರುವ ಕಡೆ ಇಟ್ಟು ತಿಂಗಳಿಗೆ 25,000 ತೆಗೆಯುತ್ತಾ ಹೋದರು ಎಂದುಕೊಳ್ಳಿ. ಹದಿನಾರೂವರೆ ವರ್ಷಕ್ಕೆ, ಅಂದರೆ ಅವರ 76–77ನೇ ವಯಸ್ಸಿಗೆ, ಅದು ಪೂರ್ತಿ ಮುಗಿಯುತ್ತದೆ. ತಿಂಗಳಿಗೆ 20,000 ತೆಗೆದರೆ ಸುಮಾರು 87ರ ತನಕ ಬರುತ್ತದೆ. ನಡುವೆ ಮಗಳ ಮದುವೆಗೆ 10 ಲಕ್ಷ ತೆಗೆದರೆ ಈ ಲೆಕ್ಕ ಕುಸಿಯುತ್ತದೆ. ಅಂಥ ದಿನವೂ ಆನ್ಯುಟಿಯ 3,660 ರೂಪಾಯಿ ಬರುತ್ತಲೇ ಇರುತ್ತದೆ. ನಿಯಮದಲ್ಲಿ ಒಂದು ಪಾಲನ್ನು ಆನ್ಯುಟಿಗೆ ಕಟ್ಟಿಹಾಕಿರುವುದು ಇದಕ್ಕಾಗಿ. ಎಷ್ಟು ವರ್ಷ ಬದುಕುತ್ತೇವೆ ಎಂದು ನಮಗೆ ಯಾರಿಗೂ ಗೊತ್ತಿಲ್ಲ, ಆ ಅನಿಶ್ಚಿತತೆಯನ್ನು ವಿಮಾ ಕಂಪನಿಗೆ ವರ್ಗಾಯಿಸುವ ಬೆಲೆಯೇ ಆ ಕಡಿಮೆ ದರ.

ತೆರಿಗೆಯ ಬಗ್ಗೆ ಒಂದು ಮಾತು. ತಿಂಗಳ ಪಿಂಚಣಿ ನಿಮ್ಮ ಆದಾಯಕ್ಕೆ ಸೇರುತ್ತದೆ, ಒಟ್ಟು ಆದಾಯ ತೆರಿಗೆ ಮಿತಿ ದಾಟಿದರೆ ಅದಕ್ಕೂ ತೆರಿಗೆ ಇದೆ. ಒಟ್ಟಿಗೆ ಪಡೆಯುವ ಹಣಕ್ಕೆ ವಿನಾಯಿತಿಯ ಮಿತಿಯನ್ನು 2019ರ ಬಜೆಟ್‌ನಲ್ಲಿ ಶೇ 40ರಿಂದ ಶೇ 60ಕ್ಕೆ ಏರಿಸಲಾಯಿತು. ಪಿಂಚಣಿ ಪ್ರಾಧಿಕಾರ ಶೇ 80 ಹಿಂಪಡೆಯಲು ಬಿಟ್ಟಿತು ಎಂದ ಮಾತ್ರಕ್ಕೆ ಅದಷ್ಟಕ್ಕೂ ತೆರಿಗೆ ಇಲ್ಲ ಎಂದಾಗುವುದಿಲ್ಲ, ಏಕೆಂದರೆ ಹಿಂಪಡೆಯುವ ನಿಯಮ ಬೇರೆ, ತೆರಿಗೆ ಕಾನೂನು ಬೇರೆ. ಶೇ 60ಕ್ಕಿಂತ ಹೆಚ್ಚು ಪಡೆಯುವ ಮುನ್ನ ಆ ವರ್ಷದ ತೆರಿಗೆ ನಿಯಮವನ್ನು ಲೆಕ್ಕಪತ್ರ ನೋಡುವವರ ಬಳಿ ಕೇಳಿಕೊಳ್ಳಿ. ‘80 ಪರ್ಸೆಂಟ್ ಟ್ಯಾಕ್ಸ್ ಫ್ರೀ’ ಎಂಬ ಸಂದೇಶವನ್ನು ನಂಬಿ ಅರ್ಜಿ ಹಾಕಬೇಡಿ.

ನಿಜವಾಗಿ ದುಡ್ಡು ನುಂಗುವುದು ಯಾವುದು?

ಎರಡೂ ಬಗೆಯ ಫಾರ್ವರ್ಡ್‌ಗಳು ಹೇಳದೆ ಬಿಡುವ ಮಾತು ಇದು: ಬೆಲೆ ಏರಿಕೆ.

ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಇಂದು 100 ರೂಪಾಯಿಗೆ ಸಿಗುವ ಸಾಮಾನಿಗೆ ಮೂವತ್ತು ವರ್ಷದ ನಂತರ ಸುಮಾರು 432 ರೂಪಾಯಿ ಬೇಕು. ಆಗ ಬರುವ 36 ಲಕ್ಷದ 60 ಸಾವಿರಕ್ಕೆ ಇಂದಿನ ಬೆಲೆಯಲ್ಲಿ ಸುಮಾರು ಎಂಟೂವರೆ ಲಕ್ಷದ ಶಕ್ತಿ. ತಿಂಗಳ 3,660 ರೂಪಾಯಿ ಪಿಂಚಣಿ ಇಂದಿನ ಸುಮಾರು 850 ರೂಪಾಯಿಗೆ ಸಮ. ಹೆಗ್ಗನಹಳ್ಳಿಯಲ್ಲಿ ಇಂದು 850 ರೂಪಾಯಿಗೆ ಏನು ಬರುತ್ತದೆ ಎಂದು ನಿಮಗೇ ಗೊತ್ತು, ಒಂದು ಸಿಲಿಂಡರ್ ಗ್ಯಾಸ್‌ನ ಆಸುಪಾಸು. ಪೂರ್ತಿ ಹಣವನ್ನೂ ಆನ್ಯುಟಿಗೆ ಹಾಕಿದರೂ ಬರುವ 18,300 ರೂಪಾಯಿ ಇಂದಿನ ಸುಮಾರು 4,200ಕ್ಕೆ ಸಮ.

ಪಿಂಚಣಿ ಶುರುವಾದ ಮೇಲೂ ಇದು ನಿಲ್ಲುವುದಿಲ್ಲ. ಸಾಮಾನ್ಯ ಆನ್ಯುಟಿಯಲ್ಲಿ ತುಟ್ಟಿಭತ್ಯೆ ಇಲ್ಲ. 60ಕ್ಕೆ 3,660 ಬಂದರೆ 80ಕ್ಕೂ 3,660 ರೂಪಾಯಿಯೇ. ಶೇ 5ರ ಬೆಲೆ ಏರಿಕೆಯಲ್ಲಿ ಆ ಹೊತ್ತಿಗೆ ಅದರ ಶಕ್ತಿ 60ರ ವಯಸ್ಸಿನಲ್ಲಿದ್ದ ಸುಮಾರು 1,380 ರೂಪಾಯಿಯಷ್ಟಕ್ಕೆ ಇಳಿದಿರುತ್ತದೆ.

ಹಾಗಾದರೆ ಎನ್‌ಪಿಎಸ್ ಪ್ರಯೋಜನವಿಲ್ಲವೇ? ಹಾಗಲ್ಲ. ಇಲ್ಲಿ ಕೈಕೊಟ್ಟಿರುವುದು ಮೂವತ್ತು ವರ್ಷವೂ 2,000ದಲ್ಲೇ ನಿಂತ ಕಂತು. ಕೂಲಿ ಏರಿದಂತೆ ಕಂತೂ ಏರಬೇಕು. ಅದೇ ಲೇತ್ ಕೆಲಸಗಾರರು ಮೊದಲ ವರ್ಷ ತಿಂಗಳಿಗೆ 2,000, ಎರಡನೇ ವರ್ಷ 2,100, ಹೀಗೆ ಪ್ರತಿವರ್ಷ ಶೇ 5 ಹೆಚ್ಚಿಸುತ್ತಾ ಹೋದರೆ ಶೇ 9ರ ಲೆಕ್ಕದಲ್ಲಿ 60ಕ್ಕೆ ಸುಮಾರು 59 ಲಕ್ಷ ಸೇರುತ್ತದೆ. ಮೊದಲ ವರ್ಷ ಅವರಿಗೆ ಒಂದು ರೂಪಾಯಿಯ ಹೆಚ್ಚು ಹೊರೆಯೂ ಇಲ್ಲ. ಎನ್‌ಪಿಎಸ್‌ನಲ್ಲಿ ಪ್ರತಿ ತಿಂಗಳು ಇಷ್ಟೇ ಕಟ್ಟಬೇಕೆಂಬ ನಿಯಮವಿಲ್ಲ. ಒಂದು ಸಲಕ್ಕೆ ಕನಿಷ್ಠ 500, ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಇದ್ದರೆ ಖಾತೆ ಚಾಲ್ತಿಯಲ್ಲಿರುತ್ತದೆ. ಕೆಲಸ ಕಡಿಮೆಯಿದ್ದ ತಿಂಗಳು ಬಿಟ್ಟು, ಬೋನಸ್ ಬಂದಾಗ ಸೇರಿಸಿ ಕಟ್ಟಬಹುದು.

60ಕ್ಕೆ ಮುಂಚೆ ಏನಾದರೂ ಆದರೆ?

ಸರ್ಕಾರಿ ನೌಕರರಲ್ಲದವರು 60ಕ್ಕೆ ಮುಂಚೆ ತೀರಿಕೊಂಡರೆ ಖಾತೆಯ ಪೂರ್ತಿ ಹಣ ನಾಮಿನಿಗೆ ಸಿಗುತ್ತದೆ, ಆನ್ಯುಟಿ ಕಡ್ಡಾಯವಲ್ಲ. ಹಾಗಾಗಿ ನಾಮಿನಿಯ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಳ್ಳಿ. ಮದುವೆಗೆ ಮುಂಚೆ ಖಾತೆ ತೆರೆದು ತಾಯಿಯ ಹೆಸರು ಕೊಟ್ಟವರು ಆಮೇಲೆ ಬದಲಿಸಲು ಮರೆಯುವುದು ಸಾಮಾನ್ಯ.

ಬೇಸರವಾಗಿ ನಡುವೆಯೇ ಖಾತೆ ಮುಚ್ಚುತ್ತೇನೆ ಎನ್ನುವವರು ಎಚ್ಚರದಿಂದಿರಬೇಕು. ಅದು ಅವಧಿಪೂರ್ವ ನಿರ್ಗಮನ ಎಂದು ಲೆಕ್ಕವಾದರೆ ಪಾಲು ತಿರುವುಮುರುವಾಗುತ್ತದೆ: ಕೈಗೆ ಶೇ 20, ಆನ್ಯುಟಿಗೆ ಶೇ 80. ಸಣ್ಣ ಮೊತ್ತಕ್ಕೆ ಮಾತ್ರ ಇದರಿಂದ ವಿನಾಯಿತಿ. ‘ನನ್ನ ಸ್ನೇಹಿತರಿಗೆ ಬರೀ ಶೇ 20 ಕೊಟ್ಟರು’ ಎಂದು ಯಾರಾದರೂ ಹೇಳಿದರೆ ಅವರು 60ಕ್ಕೆ ಹೊರಬಂದರೇ ಮುಂಚೆಯೇ ಬಂದರೇ ಎಂದು ಕೇಳಿ.

ಮುಂದಿನ ಫಾರ್ವರ್ಡ್ ಬಂದಾಗ

ಪಿಂಚಣಿ ಸಂದೇಶ ಬಂದರೆ ಕಳುಹಿಸುವ ಮುನ್ನ ಇಷ್ಟು ನೋಡಿ. ಅದು ಎನ್‌ಪಿಎಸ್ ಬಗ್ಗೆಯೋ, ಪಿಎಫ್ ಬಗ್ಗೆಯೋ, ಅಟಲ್ ಪಿಂಚಣಿ ಬಗ್ಗೆಯೋ? ಎನ್‌ಪಿಎಸ್ ಆದರೆ ಸರ್ಕಾರಿ ನೌಕರರಿಗೋ ಇತರರಿಗೋ? 2025ರ ಡಿಸೆಂಬರ್‌ಗೆ ಮುಂಚಿನದೋ ನಂತರದ್ದೋ? ಇಷ್ಟು ಪಿಂಚಣಿ ‘ಖಚಿತ’ ಎಂದು ಎನ್‌ಪಿಎಸ್ ಬಗ್ಗೆ ಹೇಳಿದ್ದರೆ ಅದು ತಪ್ಪು. 60ಕ್ಕೆ ಸಿಗುವ ದೊಡ್ಡ ಮೊತ್ತ ತೋರಿಸಿ ಬೆಲೆ ಏರಿಕೆಯ ಮಾತೇ ಇಲ್ಲದಿದ್ದರೆ ಅದು ಅರ್ಧ ಸತ್ಯ.

ನಿಮ್ಮದೇ ಖಾತೆ ಇದ್ದರೆ ನಿಮ್ಮ 12 ಅಂಕಿಯ ಪ್ರಾನ್ ಸಂಖ್ಯೆ ಬಳಸಿ ಹೇಳಿಕೆ ತೆಗೆದು ನೋಡಿ. ಅದರಲ್ಲಿ ಇವತ್ತಿನ ಮೊತ್ತ, ನೀವು ಕಟ್ಟಿದ ಕಂತುಗಳು, ನಾಮಿನಿ ಎಲ್ಲವೂ ಇರುತ್ತವೆ. ಕಟ್ಟಿದ ಕಂತು ಅದರಲ್ಲಿ ಕಾಣಿಸದಿದ್ದರೆ ಖಾತೆ ತೆರೆದ ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ರಸೀದಿ ಹಿಡಿದು ಕೇಳಿ. ನಗದು ಪಡೆದು ‘ನಾನೇ ಕಟ್ಟುತ್ತೇನೆ’ ಎನ್ನುವ ಮಧ್ಯವರ್ತಿಗೆ ಹಣ ಕೊಡಬೇಡಿ, ಪ್ರಾನ್ ಮತ್ತು ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ.

ಈಗ ಮೊದಲ ಪ್ರಶ್ನೆಗೆ ಉತ್ತರ: 60ಕ್ಕೆ ಸರ್ಕಾರ ನಿಮ್ಮ ಶೇ 40 ತಿನ್ನುತ್ತದೆ ಎಂಬುದು ಸುಳ್ಳು. ವರ್ಕ್‌ಶಾಪ್‌ನವರಿಗೆ, ಅಂಗಡಿಯವರಿಗೆ ಈಗ ಆ ಪಾಲು ಶೇ 20 ಮಾತ್ರ, ಒಟ್ಟು 8 ಲಕ್ಷದೊಳಗಿದ್ದರೆ ಅದೂ ಇಲ್ಲ. ಆ ಪಾಲು ನಿಮ್ಮದೇ ಪಿಂಚಣಿಯಾಗಿ ತಿಂಗಳು ತಿಂಗಳು ಬರುತ್ತದೆ. ನಿಮ್ಮ ನಂತರ ಅದು ಮನೆಯವರಿಗೆ ಸಿಗುತ್ತದೋ ಇಲ್ಲವೋ ಎಂಬುದು ಆ ದಿನ ನೀವು ಫಾರಂನಲ್ಲಿ ಯಾವ ಬಗೆಗೆ ಗುರುತು ಹಾಕಿದ್ದೀರಿ ಎಂಬುದರ ಮೇಲಿದೆ.